ಹಿಂದೆ ಬಿದ್ದ ಕುರಿಯ ಬಗ್ಗೆ ನಾನು ಬರೆದ ಲೇಖನ

ನಾನು ಡಾಕ್ಟರಾಗುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ. ಕಾರ್ಖಾನೆಯ ಕೆಲಸಗಾರನಿಗೆ ಮನಸ್ಸು ದಣಿಯುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ಎಣ್ಣೆ ಕಾರ್ಖಾನೆಯ ಮ್ಯಾನೇಜರು. ಇಬ್ಬರೂ ಊಟವಾದ ಮೇಲೆ, ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಹೇಳಿದ್ದರು. ಇಬ್ಬರಿಗೂ ತಮ್ಮ ಮಾತಿನ ಮೇಲೆ ಪೂರ್ತಿ ನಂಬಿಕೆಯಿತ್ತು.

ಮಾವನದು ಹಳೆಯ ಮಾತು. ನನ್ನಿವಾಳದ ಕಡೆಯ ನಮ್ಮ ಹಟ್ಟಿಯಲ್ಲಿ ಅವ್ವ ತನ್ನ ಅಣ್ಣನ ಮುಂದೆ, ಹುಡುಗ ಸೈನ್ಸ್ ತಗೊಂಡಿದಾನೆ, ಡಾಕ್ಟ್ರು ಆಗ್ತಾನಂತೆ ಎಂದಳು. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕುರಿಗೆ ಔಷಧಿ ಕುಡ್ಸು ಅಂದ್ರೆ ಅರ್ಧ ನೆಲಕ್ಕೆ ಚೆಲ್ತಾನೆ. ಮನುಷ್ಯರಿಗೆ ಕುಡಿಸ್ತಾನಂತೆ ಇವ್ನು. ಆಗಾಕಿಲ್ಲ ಬಿಡವ್ವ."

ಔಷಧಿ ಚೆಲ್ಲಿದ್ದು ನಿಜ. ಆದರೂ ನಾನು ಡಾಕ್ಟರಾದೆ. ಸರ್ಕಾರಿ ಹಾಸ್ಟೆಲ್ಲಿನ ಮುದ್ದೆ ತಿಂದು, ಇಂಗ್ಲಿಷ್ ಪುಸ್ತಕವನ್ನು ಪಕ್ಕದ ಮಂಚದವನ ಕೈಲಿ ಬಿಡಿಸಿ ಹೇಳಿಸಿಕೊಂಡು, ಒಂದು ವಿಷಯದಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಆದೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದು ಬಂದದ್ದು ನನ್ನಿಂದಲೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮಾವ ಮಾತ್ರ ಒಪ್ಪಲಿಲ್ಲ. ಚಳ್ಳಕೆರೆಯಲ್ಲಿ ನಾನು ಕ್ಲಿನಿಕ್ ತೆರೆದ ಮೇಲೂ ಯಾರಾದರೂ ಕೇಳಿದರೆ, "ನಮ್ ಅಳಿಯ ಅಲ್ಲಿ ಸೂಜಿ ಚುಚ್ಚೋ ಕೆಲ್ಸ ಮಾಡ್ತಾನೆ" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಊರಾಚೆಯ ಒಂದು ಶೇಂಗಾ ಎಣ್ಣೆ ಕಾರ್ಖಾನೆಗೆ ನಾನು ಅರೆಕಾಲಿಕ ವೈದ್ಯನಾದೆ. ಗಾಣದಿಂದ ಬಂದ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಪೆಟ್ರೋಲಿನಂಥ ದ್ರಾವಕ ಹಾಯಿಸಿ ತೆಗೆಯುವ ಸಾಲ್ವೆಂಟ್ ಪ್ಲಾಂಟ್ ಅಲ್ಲಿತ್ತು. ಬೆಂಕಿಯ ಅಪಾಯವಿರುವ ಕಡೆ ಕಾರ್ಮಿಕರ ಆರೋಗ್ಯ ನೋಡಲು ವೈದ್ಯನಿರಬೇಕೆಂದು ಕಾನೂನು ಹೇಳುತ್ತದೆ. ಅದಕ್ಕಾಗಿ ನಾನು ಕೈಗಾರಿಕಾ ಆರೋಗ್ಯದ ಒಂದು ಸಣ್ಣ ಕೋರ್ಸನ್ನೂ ಮುಗಿಸಿಕೊಂಡೆ. ಲಾರಿ ತೂಗುವ ವೇಬ್ರಿಡ್ಜಿನ ಪಕ್ಕದ ಕೋಣೆ ನನ್ನದು. ಲಾರಿ ಬಂದಾಗಲೆಲ್ಲ ನನ್ನ ಸ್ಟೆತಾಸ್ಕೋಪಿಗೆ ರೋಗಿಯ ಎದೆಗಿಂತ ಲಾರಿಯ ಎಂಜಿನ್ನೇ ಚೆನ್ನಾಗಿ ಕೇಳುತ್ತಿತ್ತು.

ಆ ವರ್ಷ ಶೇಂಗಾ ಹೇರಳವಾಗಿ ಬಂತು. ಕಾರ್ಖಾನೆ ಹಗಲೂ ರಾತ್ರಿ ಓಡಿತು. ಎಂಟು ಗಂಟೆಯ ಪಾಳಿ ಹನ್ನೆರಡಾಯಿತು. ಕೆಲವರಿಗೆ ಪಾಳಿ ಮುಗಿದ ಮೇಲೆ ಬರಬೇಕಾದವನು ಬರದೆ, ಮತ್ತೊಂದು ಪಾಳಿ ಅಂಟಿಕೊಳ್ಳುತ್ತಿತ್ತು. ನನ್ನ ಕೋಣೆಯ ಮುಂದೆ ಸಾಲು ಬೆಳೆಯಿತು. ಒಬ್ಬನಿಗೆ ಎದೆಯುರಿ, ಒಬ್ಬನಿಗೆ ತಲೆನೋವು, ಒಬ್ಬನಿಗೆ ಮಲಗಿದರೂ ನಿದ್ದೆಯಿಲ್ಲ. ಒಬ್ಬನ ಬೆರಳು ಬಾಗಿಲಿಗೆ ಸಿಕ್ಕಿತ್ತು. ಅವನು ಹತ್ತು ವರ್ಷದಿಂದ ಅದೇ ಬಾಗಿಲು ಹಾಕುತ್ತಿದ್ದವನು. ಎದೆಯುರಿಯ ಮಾತ್ರೆಯ ಡಬ್ಬ ಖಾಲಿಯಾಗಿ ಮತ್ತೆ ತರಿಸಿದಾಗ ನನಗೆ ಅನುಮಾನ ಬಂತು. ಇಷ್ಟು ಜನರ ಹೊಟ್ಟೆ ಒಂದೇ ಸಲ ಕೆಡುವುದಿಲ್ಲ. ಕೆಟ್ಟಿರುವುದು ಬೇರೇನೋ.

ಮ್ಯಾನೇಜರಿಗೆ ಹೇಳಿದೆ. ಅವರು ಮೂರು ತಲೆಮಾರಿನ ವ್ಯಾಪಾರದ ಮನೆಯವರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದರೆ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಕೆಟ್ಟವರಲ್ಲ. ದಣಿವು ಎಂಬುದನ್ನು ಅವರು ನೋಡಿರಲಿಲ್ಲ, ಅಷ್ಟೇ.

"ಡಾಕ್ಟ್ರೇ, ಟೆನ್ಷನ್ ಅನ್ನೋದು ನಮ್ಗೆ ಬರ್ಬೇಕು. ಬ್ಯಾಂಕಿನೋರು ಫೋನ್ ಮಾಡೋದು ನಮ್ಗೆ. ಹೊಟ್ಟು ತುಂಬೋನಿಗೆ ಎಂಥ ಟೆನ್ಷನ್ರೀ? ಅವ್ನಿಗೆ ಬರೋದು ಸಾಧ್ಯನೇ ಇಲ್ಲ."

ಮರುದಿನ ಅವರೇ ಕರೆದು, ಕಾರ್ಖಾನೆಯ ಸುದ್ದಿಪತ್ರಿಕೆಗೆ ಒಂದು ಲೇಖನ ಕೊಡಿ ಎಂದರು. ಅದು ಮೂರು ತಿಂಗಳಿಗೊಮ್ಮೆ ಊರಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದ ನಾಲ್ಕು ಪುಟದ ಹಾಳೆ. ಮಾಲೀಕರ ಫೋಟೋ, ಆಯುಧಪೂಜೆಯ ಫೋಟೋ, ಮಾಲೀಕರು ಆಯುಧಪೂಜೆ ಮಾಡುತ್ತಿರುವ ಫೋಟೋ ಇರುತ್ತಿದ್ದವು. ನೀರು ಕಾಯಿಸಿ ಕುಡಿಯಿರಿ ಎಂದು ಬರೆದರೆ ಸಾಕು ಎಂದರು. ನೀರಿನ ಬಗ್ಗೆ ಹಿಂದಿನ ಸಂಚಿಕೆಯಲ್ಲೇ ಬರೆದಿದ್ದೆ. ಈ ಸಲ ದಣಿವಿನ ಬಗ್ಗೆ ಬರೆದೆ.

ಕಷ್ಟಪಟ್ಟು ಬರೆದೆ. ಒತ್ತಡ ಬೇರೆ, ಒಳಗಿನಿಂದ ಬತ್ತಿ ಹೋಗುವುದು ಬೇರೆ ಎಂದು ಶುರುಮಾಡಿದೆ. ಒತ್ತಡದಲ್ಲಿರುವವನು ಭಾರ ಇಳಿಸಿದರೆ ಎದ್ದು ಕೂರುತ್ತಾನೆ. ಬತ್ತಿದವನು ವಾರದ ರಜೆಯಲ್ಲಿ ಇಡೀ ದಿನ ಮಲಗಿ ಎದ್ದರೂ ದಣಿದೇ ಇರುತ್ತಾನೆ. ತಾನು ಮಾಡುವ ಕೆಲಸದಿಂದಲೇ ದೂರವಾಗುತ್ತಾನೆ, ಏನಾದರೆ ನನಗೇನು ಎನ್ನುತ್ತಾನೆ. ತನ್ನಿಂದ ಏನೂ ನೆಟ್ಟಗಾಗುತ್ತಿಲ್ಲ ಎಂದುಕೊಳ್ಳುತ್ತಾನೆ. ಅವನು ತಾನಾಗಿ ಬಂದು ಹೇಳುವುದಿಲ್ಲ, ಜೊತೆಯವರು ಗಮನಿಸಬೇಕು. ಮಾತಾಡುತ್ತಿದ್ದವನು ಸುಮ್ಮನಾದರೆ, ಸುಮ್ಮನಿದ್ದವನು ರೇಗಿದರೆ, ಎಚ್ಚರದವನು ತಪ್ಪು ಮಾಡಿದರೆ, ಬೀಡಿ, ಕುಡಿತ ಹೆಚ್ಚಾದರೆ ಗಮನಿಸಬೇಕು. ರಕ್ತ ಕಡಿಮೆಯಾದಾಗ, ಸಕ್ಕರೆ ಕಾಯಿಲೆಯಲ್ಲಿ, ಥೈರಾಯಿಡ್ ತೊಂದರೆಯಲ್ಲಿ, ಖಿನ್ನತೆಯಲ್ಲೂ ಮನುಷ್ಯ ಹೀಗೇ ಕಾಣುತ್ತಾನೆ, ಆದ್ದರಿಂದ ಮೊದಲು ಪರೀಕ್ಷೆಯಾಗಲಿ ಎಂದೂ ಬರೆದೆ.

ಇದೆಲ್ಲ ನಮ್ಮವರಿಗೆ ತಲುಪಬೇಕಲ್ಲ. ಕಾರ್ಖಾನೆಯ ಅರ್ಧಕ್ಕರ್ಧ ಜನ ಹಟ್ಟಿಗಳಿಂದ ಬಂದವರು, ಕುರಿ ಕಾದವರ ಮಕ್ಕಳು. ಹಾಗಾಗಿ ಕೊನೆಗೆ ಒಂದು ಸಾಲು ಸೇರಿಸಿದೆ: "ಮಂದೆಯಲ್ಲಿ ಹಿಂದೆ ಬೀಳುವ, ಮೆಲುಕು ಹಾಕದ ಕುರಿಯನ್ನು ಕಾಯುವವನು ಎಲ್ಲರಿಗಿಂತ ಮೊದಲು ಗುರುತಿಸುತ್ತಾನೆ. ನಾವೂ ಹಾಗೆಯೇ ಗುರುತಿಸಬೇಕು." ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು.

ಅದಾದ ಮೇಲೆ, ಗುರುತಿಸಿದ ಬಳಿಕ ಏನು ಮಾಡಬೇಕು ಎಂದು ಇನ್ನರ್ಧ ಪುಟವಿತ್ತು. ಪಾಳಿಯನ್ನು ಮುಂಚಿತವಾಗಿ ಹೇಳಿ, ಡಬಲ್ ಡ್ಯೂಟಿ ನಿಲ್ಲಿಸಿ, ವಾರದ ರಜೆ ಕೊಡಿ, ಒಬ್ಬನಿಗೆ ಇಬ್ಬರು ಹುಕುಂ ಮಾಡಬೇಡಿ, ವೈದ್ಯರ ಬಳಿ ಕಳಿಸಿ, ಅವನ ವಿಷಯ ಊರಿಗೆಲ್ಲ ಹೇಳಬೇಡಿ. ಅಷ್ಟರಲ್ಲಿ ಮಾಲೀಕರು ಹೊಸ ಲಾರಿ ಕೊಂಡರು. ಲಾರಿಗೆ ಕುಂಬಳಕಾಯಿ ಒಡೆದ ಫೋಟೋಗೆ ಜಾಗ ಬೇಕಾಯಿತು. ಪ್ರೆಸ್ಸಿನವನು ನನ್ನ ಕೊನೆಯ ಅರ್ಧ ಪುಟ ತೆಗೆದ. ಲೇಖನ ಕುರಿಯ ಸಾಲಿನಲ್ಲಿ ನಿಂತಿತು. ಅದರ ಕೆಳಗೆ ಲಾರಿ.

ಪತ್ರಿಕೆ ಹಂಚಿದ ವಾರ ಜನ ನನ್ನನ್ನು ಹೊಗಳಿದರು. ಗೇಟಿನವನು, "ಓದಿದೆ ಸಾರ್. ಲಾರಿ ಚೆನ್ನಾಗೈತೆ" ಎಂದ. ಶಿಫ್ಟ್ ಸೂಪರ್‌ವೈಸರ್ ಮಾತ್ರ ಪೂರ್ತಿ ಓದಿದ್ದ. ಅವನೂ ಹಟ್ಟಿಯವನೇ, ಅವನಪ್ಪನದು ದೊಡ್ಡ ಮಂದೆ. ಕುರಿಯ ಸಾಲು ಅವನ ಮನಸ್ಸಿಗೆ ಹಿಡಿಸಿತಂತೆ. ಅವನು ಗುರುತಿಸಲು ಹೊರಟ.

ಅವನು ಮೊದಲು ಗುರುತಿಸಿದ್ದು ಪ್ಲಾಂಟಿಗೆ ಹಬೆ ಕೊಡುವ ಬಾಯ್ಲರ್ ನೋಡಿಕೊಳ್ಳುವವನನ್ನು. ಬಾಯ್ಲರ್‌ನವನು ನನ್ನ ಸೋದರಮಾವನ ಮಗ.

ಮಾವನ ಮಗ ನನಗಿಂತ ಚಿಕ್ಕವನು. ಶಾಲೆ ಅರ್ಧಕ್ಕೇ ಬಿಟ್ಟು, ಬಾಯ್ಲರ್ ಮನೆಯಲ್ಲಿ ಉರಿಗೆ ಶೇಂಗಾ ಹೊಟ್ಟು ಸುರಿಯುತ್ತಲೇ ಕೆಲಸ ಕಲಿತು, ಸರ್ಕಾರದ ಪರೀಕ್ಷೆಗೆ ಕೂತು ಪಾಸಾಗಿ, ಬಾಯ್ಲರ್ ನಡೆಸುವ ಅರ್ಹತೆ ಪಡೆದವನು. ಇಂಥ ಅರ್ಹತೆಯಿಲ್ಲದವನು ಬಾಯ್ಲರ್ ಮುಟ್ಟುವ ಹಾಗಿಲ್ಲ. ಅಲ್ಲಿ ಇಂಥವರು ಇಬ್ಬರಿದ್ದರು. ಸೀಸನ್ನಿನ ಶುರುವಿನಲ್ಲೇ ಇನ್ನೊಬ್ಬ ಬಳ್ಳಾರಿಯ ಕಡೆ ಕೆಲಸ ಸಿಕ್ಕಿ ಹೋದ. ಬದಲಿ ಬರುತ್ತಾನೆ ಎಂದರು. ಬರಲಿಲ್ಲ. ಅವತ್ತಿನಿಂದ ಇಬ್ಬರ ಪಾಳಿಯನ್ನೂ ಇವನೊಬ್ಬನೇ ಮಾಡುತ್ತಿದ್ದ. ನಡುವೆ ಒಂದಿಷ್ಟು ಹೊತ್ತು ಬೆಂಕಿ ತಗ್ಗಿಸಿ, ಅಲ್ಲೇ ಹೊಟ್ಟಿನ ಚೀಲದ ಮೇಲೆ ಒರಗುತ್ತಿದ್ದ.

ಅವತ್ತು ಮಧ್ಯಾಹ್ನ ಸೂಪರ್‌ವೈಸರ್ ಬಾಯ್ಲರ್ ಮನೆಗೆ ಹೋದಾಗ ನೀರಿನ ಮಟ್ಟ ತೋರುವ ಗಾಜಿನಲ್ಲಿ ನೀರು ತಳಕ್ಕಿಳಿದಿತ್ತು. ನೀರು ಇನ್ನೂ ಇಳಿದು ಬೆಂಕಿ ಉರಿಯುತ್ತಲೇ ಇದ್ದರೆ ಕೊಳವೆಗಳು ಕಾದು ಬಾಯ್ಲರ್ ಒಡೆಯಬಹುದು. ಮಾವನ ಮಗ ಗಾಜಿನ ಎದುರಿಗೇ ಕೂತು ಅದನ್ನೇ ನೋಡುತ್ತಿದ್ದ. ನೋಡುತ್ತಿದ್ದನೇ ಹೊರತು ಕೈ ಎತ್ತಿರಲಿಲ್ಲ.

"ಲೇ, ನೀರು ಬಿಡಲೇ! ಒಡ್ದೋಗುತ್ತೆ!" ಎಂದು ಸೂಪರ್‌ವೈಸರ್ ಕಿರುಚಿದ.

"ಒಡುದ್ರೆ ಒಡೀಲಿ ಬಿಡಣ್ಣ" ಎಂದನಂತೆ ಇವನು. ಜಗಳದ ದನಿಯಲ್ಲ, ಟೀ ಬೇಡ ಎನ್ನುವ ದನಿಯಲ್ಲಿ.

ನೀರು ಇನ್ನೂ ಗಾಜಿನಲ್ಲಿ ಕಾಣುತ್ತಿದ್ದುದರಿಂದ ಸೂಪರ್‌ವೈಸರ್ ತಾನೇ ಪಂಪು ಹಾಕಿದ. ಮಟ್ಟ ಏರಿತು. ಏನೂ ಆಗಲಿಲ್ಲ. ಅವನು ನೇರ ಮ್ಯಾನೇಜರ ಕೋಣೆಗೆ ಹೋದ. ಅಲ್ಲಿಂದ ನನಗೆ ಕರೆ ಬಂತು.

ಮೇಜಿನ ಮೇಲೆ ಸುದ್ದಿಪತ್ರಿಕೆ ಬಿಚ್ಚಿತ್ತು. ಮ್ಯಾನೇಜರು ಅದರ ಮೇಲೆ ಬೆರಳಿಟ್ಟುಕೊಂಡಿದ್ದರು.

"ನಿಮ್ ಲೇಖನದಿಂದ ಭಾಳ ಉಪಯೋಗ ಆತು ಡಾಕ್ಟ್ರೇ. ಇವ್ರು ಗುರುತು ಹಿಡಿದವ್ರೆ. ಬಾಯ್ಲರ್‌ನವ್ನು ಒಬ್ಬ, ಪ್ಯಾಕಿಂಗಿನಾಗೆ ಇಬ್ರು, ಗಾಣದಾಗೆ ಒಂದಷ್ಟು ಜನ. ತೆಗೆದು ಹಾಕ್ತೀವಿ."

"ಯಾಕೆ ತೆಗೀತೀರಿ?"

ಸೂಪರ್‌ವೈಸರ್ ನನ್ನನ್ನು ವಿಚಿತ್ರವಾಗಿ ನೋಡಿದ. "ನೀವೇ ಬರೆದಿದ್ದಲ್ವಾ ಸಾರ್? ಹಿಂದೆ ಬಿದ್ದ ಕುರಿ ಅಂತ. ಹಿಂದೆ ಬಿದ್ದಿದ್ದನ್ನ ಏನ್ ಮಾಡ್ತಾರೆ? ಮೈ ಇಳಿಯೋಕೆ ಮುಂಚೆ ಸಂತೆಗೆ ಹೊಡೀತಾರೆ."

ಅವನು ಹೇಳಿದ್ದು ಸರಿ. ನಮ್ಮ ಹಟ್ಟಿಗಳಲ್ಲಿ ಹಾಗೇ ಮಾಡುತ್ತಾರೆ. ಕುರಿ ಮೆಲುಕು ಹಾಕುವುದನ್ನು ಬಿಟ್ಟರೆ ಕಾಯುವವನು ಅದನ್ನು ಮೊದಲು ನೋಡುತ್ತಾನೆ, ಮೊದಲು ಮಾರುತ್ತಾನೆ. ಕೊಳ್ಳುವವನು ನೋಡುವ ಮೊದಲು. ನನ್ನ ಮಾವ ಇದರಲ್ಲಿ ಹೆಸರಾದವರು. ಉಪಮೆ ಕೊಡುವಾಗ ಕುರಿಯ ಅರ್ಧ ಜೀವನ ನನಗೆ ನೆನಪಾಗಿತ್ತು. ಉಳಿದರ್ಧ ಓದುಗನಿಗೆ ನೆನಪಾಯಿತು. ಲಾರಿಯ ಕೆಳಗೆ ಹೋದ ಅರ್ಧ ಪುಟದಲ್ಲಿ ಸಂತೆಯ ಮಾತೇ ಇರಲಿಲ್ಲ ಎಂದು ಈಗ ವಾದಿಸಿ ಪ್ರಯೋಜನವಿರಲಿಲ್ಲ.

"ಜೊತೆಗೆ ಅವ್ನು ನಿಮ್ ಕಡೆಯೋನಂತೆ?" ಎಂದರು ಮ್ಯಾನೇಜರು. "ಸಂಬಂಧ ಮುಖ್ಯನೋ ಬಾಯ್ಲರ್ ಮುಖ್ಯನೋ ನೋಡಿ."

"ಬಾಯ್ಲರೇ ಮುಖ್ಯ. ಇವತ್ತು ಅವನನ್ನು ಅದರ ಮುಂದೆ ಕೂರಿಸಬೇಡಿ. ನಾನು ಪರೀಕ್ಷೆ ಮಾಡ್ತೀನಿ. ನನ್ನ ಮಾತು ನಂಬಬೇಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರನೂ ಕಳಿಸ್ತೀನಿ. ಅಲ್ಲಿಗಂಟ ಯಾರನ್ನೂ ತೆಗೀಬೇಡಿ."

"ಅವ್ನು ಕೂರದಿದ್ರೆ ಪ್ಲಾಂಟು?"

"ನಿಲ್ಲುತ್ತೆ. ತೆಗೆದು ಹಾಕಿದ್ರೂ ನಿಲ್ಲುತ್ತೆ."

ಮ್ಯಾನೇಜರು ಮೊದಲ ಸಲ ನನ್ನ ಮಾತನ್ನು ಗಮನವಿಟ್ಟು ಕೇಳಿದರು.

ಮಾವನ ಮಗ ನನ್ನ ಕೋಣೆಗೆ ಬಂದು ಕೂತ. ಬಿ.ಪಿ. ನೋಡಿದೆ, ಕಣ್ಣಿನ ರೆಪ್ಪೆ ಎಳೆದು ನೋಡಿದೆ. ರಕ್ತ ತೆಗೆದು ಸಕ್ಕರೆ, ಹಿಮೋಗ್ಲೋಬಿನ್, ಥೈರಾಯಿಡ್ ಪರೀಕ್ಷೆಗೆ ಚಿತ್ರದುರ್ಗಕ್ಕೆ ಕಳಿಸಿದೆ. ಕೈಯ ಮೇಲೆ ಹಬೆ ತಾಗಿದ ಹೊಸ ಕಲೆಗಳಿದ್ದವು. ಯಾವಾಗ ಆಯಿತು ಎಂದರೆ ಅವನಿಗೆ ಗೊತ್ತಿರಲಿಲ್ಲ.

"ನಿದ್ದೆ?"

"ಬರುತ್ತೆ. ಬಂದಿದ್ದು ಗೊತ್ತಾಗಲ್ಲ. ಹೋಗಿದ್ದು ಗೊತ್ತಾಗುತ್ತೆ."

"ಕುಡೀತೀಯಾ?"

"ಅಂಗಡಿಗಂಟ ನಡೀಬೇಕಲ್ಲ ಭಾವ."

ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಸಂಬಂಧಿಕನಾದರೂ ಬಿಡುವಂತಿಲ್ಲ. ಬಾಗಿಲು ಹಾಕಿ ಬಂದು ಕೇಳಿದೆ. "ಸಾಯಬೇಕು ಅಂತ ಅನ್ಸುತ್ತಾ?"

"ಸಾಯೋಕೆ ಪುರಸೊತ್ತೆಲ್ಲೈತೆ?"

ನಾನು ನಗಲಿಲ್ಲ. ಮತ್ತೊಂದು ಸಲ ಕೇಳಿದೆ. ಅವನೂ ಆಗ ನನ್ನ ಮುಖ ನೋಡಿದ. "ಇಲ್ಲ ಭಾವ. ಸಾಯೋದೆಲ್ಲ ಇಲ್ಲ. ಆ ಗಾಜು ನೋಡ್ತೀನಿ. ನೀರು ಇಳೀತಾ ಐತೆ ಅಂತ ಗೊತ್ತಾಗುತ್ತೆ. ಅದು ಬ್ಯಾರೆ ಯಾರ್ದೋ ಬಾಯ್ಲರ್ ಅನ್ನಿಸುತ್ತೆ." ಕೈಯ ಕಲೆಗಳನ್ನು ನೋಡಿಕೊಂಡು, "ಮುಂಚೆ ಅದು ನಂದು ಅನ್ನಿಸ್ತಿತ್ತು" ಎಂದ.

ಆ ಬಾಯ್ಲರನ್ನು ಅವನು ಆಯುಧಪೂಜೆಯಲ್ಲಿ ತನ್ನ ಖರ್ಚಿನ ಹೂವಿನಿಂದ ಅಲಂಕರಿಸುತ್ತಿದ್ದ. ಅದು ನನಗೆ ರಕ್ತಪರೀಕ್ಷೆಗಿಂತ ಹೆಚ್ಚು ಹೇಳಿತು. ಆದರೂ ರಕ್ತಪರೀಕ್ಷೆ ಬರುವವರೆಗೆ ಕಾದೆ. ವರದಿಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಅವನ ಜೊತೆ ನಿಧಾನವಾಗಿ ಮಾತಾಡಿ, ಸದ್ಯಕ್ಕೆ ಖಿನ್ನತೆಯ ಕಾಯಿಲೆ ಕಾಣುತ್ತಿಲ್ಲ, ಕೆಲಸದಿಂದ ಪೂರ್ತಿ ಸೋತಿದ್ದಾನೆ, ವಿಶ್ರಾಂತಿ ಕೊಡಿ, ಮತ್ತೆ ಕರೆತನ್ನಿ ಎಂದರು. ಕೆಲವು ವಾರಗಳ ರಜೆಗೆ ನಾನು ಬರೆದುಕೊಟ್ಟೆ.

ಆ ಚೀಟಿ ಕೊಡಲು ಹೋದಾಗ ಮ್ಯಾನೇಜರು ಕೇಳಿದರು, "ಏನ್ ಕಾಯಿಲೆ ಅವ್ನಿಗೆ?"

"ಅದು ಅವನಿಗೆ, ನನಗೆ ಬಿಟ್ಟಿದ್ದು. ಕೆಲಸಕ್ಕೆ ತಯಾರಿದ್ದಾನೋ ಇಲ್ಲವೋ ಅನ್ನೋದಷ್ಟೇ ನಿಮ್ಗೆ. ಸದ್ಯಕ್ಕೆ ಇಲ್ಲ."

"ತಲೆ ಕೆಟ್ಟೈತಾ?"

"ಕೆಟ್ಟಿಲ್ಲ. ಕೇಳಬೇಡಿ."

ಮಿಕ್ಕವರ ವಿಷಯ ಬಾಕಿಯಿತ್ತು. ನಾನು ಅಲ್ಲೇ ನಿಂತಿದ್ದ ಸೂಪರ್‌ವೈಸರ್ ಕಡೆ ತಿರುಗಿದೆ. ಅವನ ಭಾಷೆಯಲ್ಲೇ ಮುಗಿಸಬೇಕಿತ್ತು, ಶುರುಮಾಡಿದ್ದು ನಾನೇ ತಾನೆ.

"ನಿಮ್ಮಪ್ಪನ ಮಂದೆಯಾಗೆ ಒಂದು ಕುರಿ ಹಿಂದೆ ಬಿದ್ರೆ ಸಂತೆಗೆ ಹೊಡೀತಿದ್ರು. ಸರಿ. ಒಂದೇ ದಿನ ಅರ್ಧ ಮಂದೆ ಹಿಂದೆ ಬಿದ್ರೆ?"

"ಅರ್ಧ ಮಂದೆ ಯಾರು ಮಾರ್ತಾರೆ ಸಾರ್?"

"ಮತ್ತೇನ್ ಮಾಡ್ತಿದ್ರು?"

ಅವನು ಮ್ಯಾನೇಜರ ಕಡೆ ನೋಡಿ, ನೆಲ ನೋಡಿ, ಆಮೇಲೆ ಹೇಳಿದ. "ಮುಂದೆ ನಡೆಯೋನಿಗೆ ಬೈತಿದ್ರು. ಯಾಕಲೇ ಹಂಗೆ ಬಿರ್‍ರನೆ ಹೋಗ್ತೀಯಾ, ನಿಲ್ಲು ಅಂತ. ಆಮೇಲೆ ಅಲ್ಲೇ ಮಂದೆ ನಿಲ್ಸೋರು."

ಮ್ಯಾನೇಜರ ಮನೆಯಲ್ಲಿ ಯಾರೂ ಕುರಿ ಕಾದವರಲ್ಲ. ಅವರಿಗೆ ತಡವಾಗಿ ತಲುಪಿತು. ತಲುಪಿದ್ದು ವಿಭೂತಿಯ ಮೇಲೆ ಬಿದ್ದ ಸುಕ್ಕಿನಲ್ಲಿ ಕಂಡಿತು.

"ಮುಂದೆ ನಡೆಯೋನು ಅಂದ್ರೆ ನಾನಾ?"

"ನಾನೇನು ಅಂದಿಲ್ಲ ಸಾರ್. ನಮ್ಮಪ್ಪ ಅಂತಿದ್ದಿದ್ದು" ಎಂದ ಸೂಪರ್‌ವೈಸರ್.

ಯಾರನ್ನೂ ತೆಗೆಯಲಿಲ್ಲ. ಮ್ಯಾನೇಜರಿಗೆ ಜ್ಞಾನೋದಯವಾಯಿತು ಎಂದು ನಾನು ಹೇಳುವುದಿಲ್ಲ. ಪ್ಲಾಂಟು ನಿಂತು, ಹಿಂಡಿ ಗೋದಾಮಿನಲ್ಲಿ ರಾಶಿ ಬಿದ್ದು, ಮಾಲೀಕರು ಯಾಕೆ ಎಂದು ಕೇಳಿದರು. ಬಾಯ್ಲರ್‌ಗೆ ಇಬ್ಬರು ಬೇಕು ಎಂಬುದು ಆಗ ಎಲ್ಲರಿಗೂ ಮೊದಲಿನಿಂದಲೂ ಗೊತ್ತಿದ್ದ ಸಂಗತಿಯಾಯಿತು. ರಾಂಪುರದಲ್ಲಿ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಒಬ್ಬ ಅರ್ಹ ಬಾಯ್ಲರ್‌ನವರನ್ನು ಹುಡುಕಿ ಕರೆತಂದರು. ಗಾಣದಲ್ಲೂ ಪ್ಯಾಕಿಂಗಿನಲ್ಲೂ ಪಾಳಿ ಮತ್ತೆ ಎಂಟು ಗಂಟೆಗೆ ಬಂತು. ಯಾರ ಪಾಳಿ ಯಾವಾಗ ಎಂದು ವಾರಕ್ಕೆ ಮುಂಚೆ ಗೇಟಿನ ಹಲಗೆಯ ಮೇಲೆ ಬರೆಯತೊಡಗಿದರು. ಮುಂದಿನ ಸುದ್ದಿಪತ್ರಿಕೆಯಲ್ಲಿ ನನ್ನ ಉಳಿದ ಅರ್ಧ ಪುಟ ಅಚ್ಚಾಯಿತು. ಆ ಸಲ ಯಾವ ವಾಹನವನ್ನೂ ಕೊಂಡಿರಲಿಲ್ಲ.

ಮಾವನ ಮಗ ರಜೆಯನ್ನು ಮೊಳಕಾಲ್ಮೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿ ಕಳೆದ. ಅಕ್ಕ ಅಲ್ಲಿ ಸೀರೆ ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಕ್ಲಿನಿಕ್ಕಿನ ಕೆಲಸ ಮುಗಿಸಿ ಒಂದು ಭಾನುವಾರ ಬಸ್ಸಿನಲ್ಲಿ ನೋಡಲು ಹೋದೆ. ಓಣಿಯ ಎರಡೂ ಕಡೆ ಮಗ್ಗದ ಸದ್ದು. ಅವನು ನಡುಮನೆಯಲ್ಲಿ ನಿದ್ದೆ ಹೋಗಿದ್ದ.

ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. "ಬಂದಾಗಿಂದ ಮಲ್ಗೋದೇ ಕೆಲ್ಸ" ಎಂದರು. "ದೇವ್ರ ಹತ್ರ ಕೇಳ್ಸಾನಾ ಅಂದೆ. ಇವ್ಳು ಬ್ಯಾಡ ಅಂದ್ಲು. ನೀನೇನೋ ಬರ್‍ದು ಕೊಟ್ಟೀಯಂತೆ, ಮಲ್ಗೋಕೆ."

"ಹೌದು ಮಾವ."

"ಮಲ್ಗೋಕೂ ಬರ್‍ದು ಕೊಡ್ಬೇಕಾ ಈಗ?"

"ಕೊಡ್ಬೇಕು."

ಅವರು ಇದನ್ನು ಯೋಚಿಸಿದರು. ಯೋಚನೆ ನನ್ನ ಪರವಾಗಿ ಹೋದಂತೆ ಕಾಣಲಿಲ್ಲ. ಅಷ್ಟರಲ್ಲಿ ಒಳಗಿಂದ ಮಾವನ ಮಗ ಎದ್ದು ಬಂದು, ಎದುರು ಮನೆಯ ಮಗ್ಗದ ಕಡೆ ಕಿವಿಗೊಟ್ಟು, "ಅದ್ರ ಸದ್ದು ಸರಿ ಇಲ್ಲ. ಎಲ್ಲೋ ಸಡಿಲ ಐತೆ. ಹೋಗಿ ಹೇಳ್ಬೇಕು" ಎಂದ. ಬೇರೆಯವರ ಯಂತ್ರದ ಮೇಲೆ ಅವನಿಗೆ ಮತ್ತೆ ಕಾಳಜಿ ಬಂದಿತ್ತು. ನಾನು ಅಕ್ಕ ಕೊಟ್ಟ ಟೀ ಕುಡಿದು ಸಮಾಧಾನದಿಂದ ಬಸ್ಸು ಹತ್ತಿದೆ.

ರಜೆ ಮುಗಿಯುವ ಹೊತ್ತಿಗೆ ಅವನನ್ನು ಮತ್ತೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಮನೋವೈದ್ಯರು ಕೆಲಸಕ್ಕೆ ಹೋಗಬಹುದು, ಮೊದಮೊದಲು ಹಗಲು ಪಾಳಿ ಮಾತ್ರ ಎಂದು ಬರೆದರು. ಅವನು ಕಾರ್ಖಾನೆಗೆ ಬಂದ ದಿನ ಮಾವನೂ ಜೊತೆಗೆ ಬಂದರು. ಕಂಬಳಿ ಹೆಗಲ ಮೇಲಿತ್ತು. ಗೇಟಿನವನು ತಡೆದದ್ದಕ್ಕೆ, "ನಮ್ ಅಳಿಯ ಒಳಗವ್ನೆ" ಎಂದರಂತೆ. ಅವರು ನನ್ನ ಸಂಬಂಧ ಹೇಳಿಕೊಂಡು ಎಲ್ಲಿಗಾದರೂ ಒಳಬಂದದ್ದು ಅದೇ ಮೊದಲು.

ನಾನು ಪರೀಕ್ಷೆ ಮಾಡಿ, ಕೆಲಸಕ್ಕೆ ಯೋಗ್ಯನಿದ್ದಾನೆ ಎಂದು ಬರೆದೆ. ಅದರ ಕೆಳಗೆ, ದಿನಕ್ಕೆ ಒಂದೇ ಪಾಳಿ, ಸದ್ಯಕ್ಕೆ ಹಗಲು ಮಾತ್ರ, ವಾರದ ರಜೆ ತಪ್ಪಿಸುವಂತಿಲ್ಲ, ತಿಂಗಳ ನಂತರ ಮರುಪರೀಕ್ಷೆ ಎಂದು ಬರೆದೆ. ಸಹಿ ಹಾಕಿ, ಕಾರ್ಖಾನೆಯ ಮೊಹರು ಒತ್ತಿದೆ. ಸರ್ಟಿಫಿಕೇಟನ್ನು ಮಾವನ ಮಗನ ಕೈಗೆ ಕೊಟ್ಟೆ. ಅವನು ಮ್ಯಾನೇಜರಿಗೆ ಒಯ್ಯುವ ಮೊದಲು ಅಪ್ಪನ ಕೈಗೆ ಕೊಟ್ಟ.

ಮಾವನಿಗೆ ಓದಲು ಬಾರದು. ಹಾಳೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೊಹರಿನ ಮೇಲೆ ಹೆಬ್ಬೆರಳು ಉಜ್ಜಿ ನೋಡಿದರು.

"ಇದ್ನ ಕೊಟ್ರೆ ಮ್ಯಾನೇಜ್ರು ಇವ್ನ ಡಬಲ್ ಕೂರ್‍ಸಂಗಿಲ್ವಾ?"

"ಇಲ್ಲ ಮಾವ."

"ನೀನು ಬ್ಯಾಡ ಅಂದಿದ್ದಕ್ಕೆ?"

"ಹೂಂ."

ಹಾಳೆಯನ್ನು ಮಗನಿಗೆ ವಾಪಸ್ಸು ಕೊಟ್ಟರು. ಕಂಬಳಿ ಸರಿಮಾಡಿಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು ತಿರುಗಿ ನೋಡಿದರು.

"ಹಂಗಾದ್ರೆ ನೀನು ಡಾಕ್ಟ್ರು ಆಗೀಯ ಅನ್ನು" ಎಂದರು. "ನನ್ಗೆ ಯಾರೂ ಹೇಳೇ ಇಲ್ಲ."